ಬಸ್ಸಾರಿನ ಫೋಟೊ ನೋಡಿ ಎಲ್ಲ ಹೇಳಿತು, ಉಪ್ಪಿಲ್ಲ ಅನ್ನೋದೊಂದು ಬಿಟ್ಟು

ಭಾನುವಾರದ ಭಟ್ಟ (ಮಂಡ್ಯ), ಭಾನುವಾರ ಮಧ್ಯಾಹ್ನ 3:10

ಇವತ್ತು ಮನೆಯಲ್ಲಿ ನನ್ನ ಕೈ ಅಡುಗೆ. ರಾಗಿ ಮುದ್ದೆ, ದಂಟಿನ ಸೊಪ್ಪು ತೊಗರಿಬೇಳೆ ಬೇಯಿಸಿ ಬಸಿದ ಬಸ್ಸಾರು, ಬಸಿದು ಉಳಿದಿದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಊಟಕ್ಕೆ ಕೂರುವ ಮುಂಚೆ ತಟ್ಟೆಯ ಫೋಟೊ ತೆಗೆದು, ಫೋಟೊ ನೋಡಿ ವಿವರಿಸುವ ಎಐ ಆ್ಯಪ್ ಒಂದಕ್ಕೆ ಹಾಕಿದೆ. ಕನ್ನಡದಲ್ಲೇ ಕೇಳಿದೆ.

ಏನು ಹೇಳಿತು ಗೊತ್ತಾ? "ಸ್ಟೀಲ್ ತಟ್ಟೆಯಲ್ಲಿ ಒಂದು ರಾಗಿ ಮುದ್ದೆ, ಅದರ ಮೇಲೆ ಬೆರಳಿನಿಂದ ಮಾಡಿದ ಗುಳಿಯಲ್ಲಿ ತುಪ್ಪ. ಪಕ್ಕದಲ್ಲಿ ಕಂದು ಬಣ್ಣದ ತೆಳು ಸಾರು, ಮೇಲೆ ಸಾಸಿವೆ ಮತ್ತು ಕರಿಬೇವು ತೇಲುತ್ತಿವೆ. ಸೊಪ್ಪಿನ ಪಲ್ಯದ ಮೇಲೆ ತೆಂಗಿನತುರಿ." ಕೂದಲೆಳೆಯಷ್ಟೂ ತಪ್ಪಿಲ್ಲ. ತುಪ್ಪದ ಗುಳಿ ಗುರುತಿಸಿದ್ದು ನೋಡಿ ನಮ್ಮ ಮನೆಯವರೇ ದಂಗಾದರು.

ರುಚಿ ಹೇಗಿದೆ ಅಂತ ಕೇಳಿದೆ. "ಹುಳಿ, ಖಾರ, ಉಪ್ಪು ಹದವಾಗಿ ಬೆರೆತಿವೆ" ಅಂತ ಬಂತು.

ಬಾಯಿಗಿಟ್ಟರೆ ಸಾರಿನಲ್ಲಿ ಒಂದು ಹರಳು ಉಪ್ಪಿಲ್ಲ. ಸೊಪ್ಪು ಬೇಯಿಸುವಾಗಲೂ ಹಾಕಿಲ್ಲ, ಕುದಿಸುವಾಗಲೂ ಹಾಕಿಲ್ಲ. ಪಲ್ಯವೂ ಸಪ್ಪೆ. ತಪ್ಪು ನಂದೇ, ಅದನ್ನ ಮನೆಯಲ್ಲಿ ಸಾಕಷ್ಟು ಸಲ ಹೇಳಿಸಿಕೊಂಡಾಯಿತು. ನನ್ನ ಪ್ರಶ್ನೆ ಬೇರೆ. ತುಪ್ಪದ ಗುಳಿ ಕಾಣುವಷ್ಟು ಚುರುಕಿರೋದಕ್ಕೆ ರುಚಿ ಯಾಕೆ ಗೊತ್ತಾಗಲ್ಲ? ಗೊತ್ತಾಗದಿದ್ದರೆ ಸುಮ್ನೆ ಇರಬೇಕಿತ್ತು. ಹದವಾಗಿದೆ ಅಂತ ಯಾಕೆ ಹೇಳಿತು?

ತಟ್ಟೆಇಡ್ಲಿ, 3:24

ಇದು ಸುಲಭ ಅಣ್ಣಾ. ಅದಕ್ಕೆ ನಮ್ಮ ಊಟದ ಫೋಟೊ ಸಾಕಷ್ಟು ತೋರಿಸಿಲ್ಲ. ಪಿಜ್ಜಾ ಬರ್ಗರ್ ತೋರಿಸಿರ್ತಾರೆ, ಬಸ್ಸಾರು ತೋರಿಸಿರಲ್ಲ. ಇನ್ನೊಂದು ಲಕ್ಷ ಬಸ್ಸಾರಿನ ಫೋಟೊ ಹಾಕಿ ಕಲಿಸಲಿ, ಉಪ್ಪು ಎಷ್ಟು ಅಂತಾನೂ ಹೇಳುತ್ತೆ. ಕ್ಯಾಮೆರಾನೂ ಒಳ್ಳೇದಿರಬೇಕು.

ಜಯನಗರ 4ನೇ ಬ್ಲಾಕ್, 3:31

ಕ್ಯಾಮೆರಾ ಅಂದಿದ್ದಕ್ಕೆ ಕೇಳ್ತಿದ್ದೀನಿ. ಊಟದ ಫೋಟೊ ರುಚಿಯಾಗಿ ಕಾಣೋಕೆ ಯಾವ ಫೋನ್ ಒಳ್ಳೇದು? ನಾನು ತೆಗೆದರೆ ಸಾಂಬಾರ್ ಯಾವಾಗಲೂ ಕೆಸರಿನ ಥರ ಬರುತ್ತೆ.

ಭಾನುವಾರದ ಭಟ್ಟ, 3:33

ಸರ್, ಪ್ರಶ್ನೆ ಅದಲ್ಲ. ಆದರೂ ಹೇಳ್ತೀನಿ, ಟ್ಯೂಬ್‌ಲೈಟ್ ಆರಿಸಿ ಕಿಟಕಿ ಪಕ್ಕ ಇಟ್ಟು ತೆಗೀರಿ.

ಚೌಕಳಿ (ಬೆಂಗಳೂರು), ಸಂಜೆ 5:02

ನನ್ನ ಕೆಲಸ ಇದೇ, ಚಿತ್ರ ಮತ್ತು ಮಾತು ಜೋಡಿಸುವ ಮಾಡೆಲ್‌ಗಳು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನೀವು ಬಳಸಿದ ಆ್ಯಪ್‌ನ ಒಳಗೆ ಏನಿದೆ ಅಂತ ನನಗೆ ಕಾಣಲ್ಲ. ಒಳಗೇನಿದೆ ಅಂತ ಎಲ್ಲರಿಗೂ ಬಿಚ್ಚಿಟ್ಟಿರುವ ಮಾಡೆಲ್ ಒಂದನ್ನ ತಗೊಳ್ಳೋಣ. ಲಾವಾ 1.5, 2023ರದ್ದು. ಅದು ನಿಮ್ಮ ಫೋಟೊವನ್ನ ಮೊದಲು 336ಕ್ಕೆ 336 ಚುಕ್ಕಿಗಳಿಗೆ ಕುಗ್ಗಿಸುತ್ತೆ. ಪ್ರತಿ ಚುಕ್ಕಿಗೂ ಮೂರೇ ಅಂಕಿ: ಕೆಂಪೆಷ್ಟು, ಹಸಿರೆಷ್ಟು, ನೀಲಿ ಎಷ್ಟು. ಆಮೇಲೆ ಕೊಬ್ಬರಿ ಮಿಠಾಯಿ ಕತ್ತರಿಸಿದ ಹಾಗೆ ಚಿತ್ರವನ್ನ ಚೌಕ ಚೌಕ ಕತ್ತರಿಸುತ್ತೆ. ಒಂದು ಚೌಕ ಅಂದರೆ 14 ಚುಕ್ಕಿ ಅಗಲ, 14 ಉದ್ದ. ಅಡ್ಡಕ್ಕೆ 24, ಉದ್ದಕ್ಕೆ 24, ಒಟ್ಟು 576 ಚೌಕ. ಪ್ರತಿ ಚೌಕವೂ ಒಂದು ಉದ್ದನೆಯ ಅಂಕಿಸಾಲಾಗುತ್ತೆ. ಆ 576 ಸಾಲುಗಳನ್ನ ಮಾತಾಡುವ ಭಾಗಕ್ಕೆ ಪದಗಳ ಹಾಗೆಯೇ ಕೊಡ್ತಾರೆ. ಅದಕ್ಕೆ ನಿಮ್ಮ ಊಟ ಅಂದರೆ ಅಷ್ಟೇ, 576 ಪದಗಳ ಒಂದು ವಾಕ್ಯ.

ಈಗ ನಿಮ್ಮ ಸಾರಿಗೆ ಬನ್ನಿ. ಒಂದು ಲೀಟರ್ ಸಾರಿಗೆ ಸುಮಾರು 10 ಗ್ರಾಂ ಉಪ್ಪು ಹಾಕ್ತೀವಿ ಅಂತಿಟ್ಕೊಳ್ಳಿ. ಅದು ಕರಗಿತು. ಕರಗಿದ ಉಪ್ಪಿಗೆ ಬಣ್ಣ ಇಲ್ಲ. ಸಾರಿನಿಂದ ಕ್ಯಾಮೆರಾಗೆ ಬರುವ ಬೆಳಕು ಹೆಚ್ಚುಕಮ್ಮಿ ಮೊದಲಿನ ಹಾಗೇ ಇರುತ್ತೆ. ಉಪ್ಪು ಹಾಕುವ ಮುಂಚೆ ಒಂದು, ಹಾಕಿದ ಮೇಲೆ ಒಂದು ಫೋಟೊ ತೆಗೆದರೆ, ಎರಡರ ನಡುವೆ ನಿಮ್ಮ ಕೈ ನಡುಗಿದ ವ್ಯತ್ಯಾಸವೇ ಉಪ್ಪಿನ ವ್ಯತ್ಯಾಸಕ್ಕಿಂತ ಜಾಸ್ತಿ. ಅಂದಮೇಲೆ ಆ 576 ಸಾಲುಗಳಲ್ಲಿ ಉಪ್ಪಿಗೆ ಕೂರಲು ಜಾಗವೇ ಇಲ್ಲ. ಮಾಡೆಲ್ ಎಷ್ಟು ದೊಡ್ಡದಾದರೂ, ಒಳಗೆ ಬರದೇ ಇದ್ದದ್ದನ್ನ ಹೊರಗೆ ತೆಗೆಯೋಕೆ ಆಗಲ್ಲ.

ತಟ್ಟೆಇಡ್ಲಿ ಅವರೇ, ನಿಮ್ಮ ಮಾತು ಅರ್ಧ ಸರಿ. ಬಸ್ಸಾರಿನ ಫೋಟೊ ಜಾಸ್ತಿ ತೋರಿಸಿದರೆ ಬಸ್ಸಾರನ್ನ ರಸಂ ಅಂತ ಕರೆಯೋದು ನಿಲ್ಲುತ್ತೆ. ಆದರೆ ಹತ್ತು ಲಕ್ಷ ತೋರಿಸಿದರೂ ಉಪ್ಪು ಕಾಣಲ್ಲ.

ತಟ್ಟೆಇಡ್ಲಿ, 5:15

ಮೇಡಂ, ಕಣ್ಣಿಗೆ ಕಾಣದ ಬೆಳಕು ಇರುತ್ತಲ್ಲ? ಹಣ್ಣಿನ ಸಿಹಿ ಎಷ್ಟು ಅಂತ ಹಣ್ಣು ಕತ್ತರಿಸದೇ ಬೆಳಕು ಬಿಟ್ಟು ನೋಡುವ ಯಂತ್ರ ಇದೆ. ಸೇಬು ವಿಂಗಡಿಸುವ ಕಡೆ ಬಳಸ್ತಾರೆ. ಅದನ್ನ ಫೋನಿಗೆ ಹಾಕಿದರೆ?

ಚೌಕಳಿ, 5:40

ಹೌದು, ಅದು ನಿಜ. ಕೆಂಪಿನಾಚೆಯ ಬೆಳಕನ್ನ ಸಕ್ಕರೆ ತನ್ನದೇ ರೀತಿಯಲ್ಲಿ ಹೀರುತ್ತೆ, ಅದನ್ನ ಅಳೆದು ಸಿಹಿ ಅಂದಾಜು ಮಾಡ್ತಾರೆ. ಆದರೆ ನಿಮ್ಮ ಫೋನ್ ಕ್ಯಾಮೆರಾ ಆ ಬೆಳಕನ್ನ ಬೇಕಂತಲೇ ಸೋಸಿ ಬಿಡುತ್ತೆ, ಇಲ್ಲಾಂದರೆ ಫೋಟೊ ಬಣ್ಣ ಕೆಡುತ್ತೆ. ಇನ್ನು ಉಪ್ಪಿಗೆ ಅಲ್ಲೂ ತನ್ನದೇ ಗುರುತಿಲ್ಲ. ಉಪ್ಪು ಬೆರೆತಾಗ ನೀರಿನ ಗುರುತು ಚೂರು ಆಚೀಚೆ ಸರಿಯುತ್ತೆ, ಅದನ್ನ ಹಿಡಿಯೋಕೆ ತಿಳಿ ದ್ರಾವಣ ಬೇಕು, ಲ್ಯಾಬ್ ಬೇಕು. ಬೇಳೆ, ಕೊತ್ತಂಬರಿ, ಎಣ್ಣೆ ಎಲ್ಲ ತೇಲುವ ಬಸ್ಸಾರಿನಲ್ಲಿ ಕಷ್ಟ.

ಭಾನುವಾರದ ಭಟ್ಟ, 6:05

ಸರಿ, ಉಪ್ಪು ಕಾಣಲ್ಲ ಒಪ್ಪಿದೆ. ಎರಡನೇ ಪ್ರಶ್ನೆಗೆ ಉತ್ತರ ಬರಲಿಲ್ಲ ಅಕ್ಕ. ಕಾಣದೇ ಇದ್ದರೆ "ಹದವಾಗಿ" ಅನ್ನೋ ಪದ ಎಲ್ಲಿಂದ ಬಂತು?

ಚೌಕಳಿ, 6:30

ಜನ ಬರೆದದ್ದರಿಂದ ಬಂತು.

ಚಿತ್ರ ನೋಡುವ ಭಾಗ ಹೇಗೆ ಕಲಿಯಿತು ಅನ್ನೋದರಲ್ಲಿ ಇದರ ಗುಟ್ಟಿದೆ. ಲಾವಾದ ಕಣ್ಣು ಅಂದರೆ ಕ್ಲಿಪ್ ಅನ್ನುವ ಹಳೆಯ ಮಾಡೆಲ್, 2021ರದ್ದು. ಅದಕ್ಕೆ ಇಂಟರ್ನೆಟ್‌ನಿಂದ ತೆಗೆದ 40 ಕೋಟಿ ಚಿತ್ರ ಮತ್ತು ಅದರ ಜೊತೆಗಿದ್ದ ಬರಹ ಕೊಟ್ಟು ಒಂದು ಆಟ ಆಡಿಸಿದರು. ಒಂದು ರಾಶಿ ಚಿತ್ರ, ಒಂದು ರಾಶಿ ಬರಹ. ಯಾವ ಬರಹ ಯಾವ ಚಿತ್ರದ್ದು ಅಂತ ಜೋಡಿಸಬೇಕು. ತಪ್ಪಾದರೆ ಒಳಗಿನ ಅಂಕಿಗಳನ್ನ ಸ್ವಲ್ಪ ತಿರುವಬೇಕು. ಅಷ್ಟೇ ಆಟ.

ಈ ಆಟದಲ್ಲಿ ಯಾವ ಪದ ಕೆಲಸಕ್ಕೆ ಬರುತ್ತೆ? "ಕರಿಬೇವು" ಬರುತ್ತೆ, ಯಾಕಂದರೆ ಕರಿಬೇವು ಇರುವ ಚಿತ್ರ, ಇಲ್ಲದ ಚಿತ್ರ ಬೇರೆ ಬೇರೆ ಕಾಣುತ್ತವೆ. "ಸ್ಟೀಲ್ ತಟ್ಟೆ" ಬರುತ್ತೆ. "ಉಪ್ಪು ಕಮ್ಮಿ" ಬರಲ್ಲ. ಆ ಪದ ಹಿಡಿದು ಚಿತ್ರ ಹುಡುಕೋಕೆ ಆಗಲ್ಲ. ಹಾಗಾಗಿ ಉಪ್ಪಿನ ಕಡೆ ಗಮನ ಕೊಡು ಅಂತ ಅದನ್ನ ಎಳೆಯುವ ಹಗ್ಗವೇ ಎಲ್ಲೂ ಇಲ್ಲ.

ಮಾತಾಡುವ ಭಾಗದ ಕಥೆ ಬೇರೆ. ಅದು ಅಡುಗೆ ಬರಹ, ಹೋಟೆಲ್ ಬಗ್ಗೆ ಜನ ಬರೆದದ್ದು ಎಲ್ಲ ಓದಿದೆ. ಬಸ್ಸಾರಿನ ಪಕ್ಕ ಯಾವ ಪದ ಬರುತ್ತೆ ಅಂತ ಅದಕ್ಕೆ ಗೊತ್ತು. ನೀವೇ ಯೋಚಿಸಿ, ಊಟದ ಫೋಟೊ ಹಾಕುವವರು ಕೆಳಗೆ ಏನು ಬರೀತಾರೆ? "ಸೂಪರ್ ಆಗಿತ್ತು" ಅಂತ. ಸಪ್ಪೆಯಾದ ಸಾರಿನ ಫೋಟೊ ಯಾರು ಹಾಕ್ತಾರೆ? ನೀವು ಬಿಟ್ಟರೆ.

ಹಾಗಾಗಿ ಫೋಟೊ ಮೊದಲು ಹೆಸರಾಗುತ್ತೆ, "ಬಸ್ಸಾರು" ಅಂತ. ಆಮೇಲೆ ಆ ಹೆಸರಿನ ಜೊತೆ ಬರುವ ಹೊಗಳಿಕೆ ಹೊರಗೆ ಬರುತ್ತೆ. ನಿಮ್ಮ ತಟ್ಟೆಯಲ್ಲಿರುವ ಸಾರಿಗೂ ಅದಕ್ಕೂ ಅಲ್ಲಿಂದ ಮುಂದೆ ಸಂಬಂಧ ಇಲ್ಲ.

ಮೆಣಸಿನಕಾಯಿ ಮಂಡಿ (ಹಾವೇರಿ ಜಿಲ್ಲೆ), ರಾತ್ರಿ 8:11

ಮೇಡಂ ಹೇಳಿದ್ದು ಓದಿ ನಮ್ಮ ವ್ಯಾಪಾರದ ಮಾತು ನೆನಪಾಯ್ತು. ನಮ್ಮದು ಬ್ಯಾಡಗಿ ಕಡೆ, ಮೂರು ತಲೆಮಾರಿನಿಂದ ಮೆಣಸಿನಕಾಯಿ ವ್ಯಾಪಾರ. ಹೊರಗಿನವರು ಬಂದು ಕೆಂಪು ನೋಡಿ ಹೆದರ್ತಾರ್ರಿ. "ಇದು ಬಾಳ ಖಾರ ಇರಬೇಕಲ್ಲ" ಅಂತ ಕೇಳ್ತಾರೆ. ಖಾರ ಕಮ್ಮಿ, ಬಣ್ಣ ಜಾಸ್ತಿ, ಅದಕ್ಕೇ ಬ್ಯಾಡಗಿಗೆ ರೇಟು. ಡಬ್ಬಿ ಜಾತಿಯಂತೂ ದಪ್ಪಗೆ, ಕಡುಗೆಂಪು, ಖಾರ ಮತ್ತೂ ಕಮ್ಮಿ. ಬಣ್ಣ ತೆಗೆಯೋ ಫ್ಯಾಕ್ಟರಿಯವರು ಬಂದು ಒಯ್ತಾರೆ, ಲಿಪ್‌ಸ್ಟಿಕ್‌ಗೂ ಹೋಗುತ್ತೆ. ಗುಂಟೂರು ಕಾಯಿಯನ್ನ ಇದರ ಪಕ್ಕದಲ್ಲಿಟ್ಟರೆ ಅದು ಬಣ್ಣದಲ್ಲಿ ಸೋಲುತ್ತೆ, ಬಾಯಲ್ಲಿಟ್ಟರೆ ಕಣ್ಣೀರು ಬರುತ್ತೆ.

ನಾನೂ ನಿಮ್ಮ ಥರ ಆ್ಯಪ್‌ಗೆ ಈಗಷ್ಟೇ ಒಂದು ಫೋಟೊ ಹಾಕಿದೆ. ಒಂದು ಬಟ್ಟಲಲ್ಲಿ ಬ್ಯಾಡಗಿ ಹಾಕಿ ಅರೆದ ಕೆಂಪು ಚಟ್ನಿ. ಇನ್ನೊಂದರಲ್ಲಿ ಹಸಿಮೆಣಸಿನಕಾಯಿ ಹಾಕಿದ ಬಿಳಿ ಕೊಬ್ಬರಿ ಚಟ್ನಿ. ನಮ್ಮ ತಂಗಿ ಕೈ ಚಟ್ನಿ, ಹಸಿಮೆಣಸಿನಕಾಯಿ ಎಣಿಸಿ ಹಾಕುವ ಅಭ್ಯಾಸ ಇಲ್ಲ. ಯಾವುದು ಖಾರ ಅಂತ ಕೇಳಿದರೆ "ಕೆಂಪು ಚಟ್ನಿ ಬಹಳ ಖಾರ, ಬಿಳಿ ಚಟ್ನಿ ಸೌಮ್ಯ ಮತ್ತು ತಂಪು" ಅಂತು. ತಂಪು ಅಂತಂದ್ರಿ! ನನ್ನ ಕಿವಿಯಲ್ಲಿ ಇನ್ನೂ ಹೊಗೆ ಬರ್ತಾ ಇದೆ.

ಚೌಕಳಿ, 8:40

ಅಣ್ಣಾ, ಇದು ಉಪ್ಪಿಗಿಂತ ಒಳ್ಳೆ ಉದಾಹರಣೆ. ಉಪ್ಪು ಕಾಣೋದೇ ಇಲ್ಲ. ಇಲ್ಲಿ ಒಂದು ಕಾಣುತ್ತೆ, ಆದರೆ ಅದು ಬೇರೆಯದು. ಮೆಣಸಿನಕಾಯಿಯ ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್, ಅದಕ್ಕೆ ಬಣ್ಣವೇ ಇಲ್ಲ. ಹೆಸರು ಅಣ್ಣತಮ್ಮಂದಿರ ಥರ ಇವೆ, ಆದರೆ ಒಂದು ಜಾಸ್ತಿಯಾದರೆ ಇನ್ನೊಂದು ಜಾಸ್ತಿಯಾಗಬೇಕು ಅಂತಿಲ್ಲ. ಖಾರ ಜಾಸ್ತಿ ಇರೋದು ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಅರೆದ ಮೇಲೆ ಅದೂ ಕಾಣಲ್ಲ.

ಮಾಡೆಲ್ ಓದಿದ ಬರಹಗಳಲ್ಲಿ ಕೆಂಪು ಅಂದರೆ ಖಾರ, ಬಿಳಿ ಅಂದರೆ ಸೌಮ್ಯ ಅಂತ ಸಾವಿರ ಸಲ ಬಂದಿದೆ. ಬಹಳ ಸಲ ಅದು ಸರಿಯೂ ಹೌದು. ಅದಕ್ಕೇ ಅಪಾಯ. ಅಷ್ಟು ಸಲ ಸರಿ ಬಂದರೆ ನಾವು ಅದಕ್ಕೆ ನಾಲಗೆ ಇದೆ ಅಂದುಕೊಂಡುಬಿಡ್ತೀವಿ.

ಒಂದು ಕೇಳ್ಕೊಳ್ತೀನಿ. ಚಟ್ನಿ ಬದಲು ಇಡೀ ಒಣ ಮೆಣಸಿನಕಾಯಿಯ ಫೋಟೊ ಹಾಕಿ ನೋಡ್ತೀರಾ? ಸುಕ್ಕುಸುಕ್ಕಾಗಿರುವ ಬ್ಯಾಡಗಿಯ ಆಕಾರ ಅದು ಗುರುತು ಹಿಡಿಯಬಹುದು.

ಮೆಣಸಿನಕಾಯಿ ಮಂಡಿ, 9:05

ಹಾಕಿದೆ. "ಬ್ಯಾಡಗಿ ಮೆಣಸಿನಕಾಯಿ, ಗಾಢ ಬಣ್ಣ, ಖಾರ ಕಡಿಮೆ" ಅಂತ ಸರಿಯಾಗಿ ಹೇಳ್ತು. ಅಂದರೆ ಕಾಯಿ ಇದ್ದಾಗ ಹೆಸರು ಗೊತ್ತು, ಹೆಸರಿನಿಂದ ಖಾರ ಗೊತ್ತು. ಅರೆದರೆ ಹೆಸರು ಹೋಯ್ತು, ಖಾರವೂ ಹೋಯ್ತು. ಸರಿ ಆಯ್ತು ನೋಡ್ರಿ ನಿಮ್ಮ ಲೆಕ್ಕ.

ಅಪ್ಪನ ಶುಗರ್, 9:20

ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ತಟ್ಟೆ ಫೋಟೊ ಹಾಕಿದರೆ ಇಷ್ಟು ಕ್ಯಾಲೊರಿ ಅಂತ ಹೇಳುವ ಆ್ಯಪ್ ಬಳಸ್ತಿದ್ದೀವಿ. ಅದೂ ಸುಳ್ಳಾ ಹಾಗಾದರೆ?

ಚೌಕಳಿ, 9:38

ಪೂರ್ತಿ ಸುಳ್ಳಲ್ಲ, ಅಂದಾಜು. ತಟ್ಟೆಯಲ್ಲಿ ಎಷ್ಟು ಅನ್ನ ಇದೆ ಅನ್ನೋದು ಸ್ವಲ್ಪ ಮಟ್ಟಿಗೆ ಕಾಣುತ್ತೆ. ಗೂಗಲ್‌ನವರು 2021ರಲ್ಲಿ ಸುಮಾರು 5,000 ತಟ್ಟೆಗಳನ್ನ ಒಂದೊಂದು ಪದಾರ್ಥವನ್ನೂ ತೂಗಿ ಫೋಟೊ ತೆಗೆದು ಒಂದು ಸಂಗ್ರಹ ಮಾಡಿದ್ದಾರೆ. ಅಲ್ಲಿ ಉತ್ತರ ತಕ್ಕಡಿಯಿಂದ ಬಂದದ್ದು, ಯಾರೋ ಹೊಗಳಿ ಬರೆದದ್ದಲ್ಲ. ಆದರೆ ಅನ್ನದ ರಾಶಿಯ ಹಿಂದೆ ಏನಿದೆ, ಪಲ್ಯಕ್ಕೆ ಎಷ್ಟು ಎಣ್ಣೆ ಹಾಕಿದರು, ಪಾಯಸಕ್ಕೆ ಎಷ್ಟು ಬೆಲ್ಲ, ಇದು ಕಾಣಲ್ಲ. ತಂದೆಯವರ ಮಾತ್ರೆ, ಇನ್ಸುಲಿನ್ ಏನೇ ಇದ್ದರೂ ಆ ಅಂಕಿ ನೋಡಿ ಬದಲಿಸಬೇಡಿ, ಡಾಕ್ಟರನ್ನ ಕೇಳಿ.

ಕಳಸದ ಕಾಫಿ, ಸೋಮವಾರ ಬೆಳಗ್ಗೆ 7:15

ನಾನು ಕಾಫಿ ರುಚಿ ನೋಡುವ ಕೆಲಸದವನು. ಎಲ್ಲರೂ ಯಂತ್ರವನ್ನ ಬೈತಾ ಇದ್ದೀರಿ, ನಮ್ಮ ನಾಲಗೆ ಬಗ್ಗೆಯೂ ಎರಡು ಮಾತು ಹೇಳಬೇಕು.

ನಾವು ಕಪ್ಪಿಂಗ್ ಮಾಡುವಾಗ 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ. ಬಿಸಿನೀರು ಹುಯ್ದು ಸುಮಾರು 4 ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನ ಚಮಚದಿಂದ ಒಡೀತೀವಿ. ಮೂಗು ಬಟ್ಟಲಿಗೆ ತಾಗುವಷ್ಟು ಬಗ್ಗಿ ವಾಸನೆ ಹೀರಬೇಕು. ಆಮೇಲೆ ಚಮಚದಲ್ಲಿ ಸುರ್ರ್ ಅಂತ ಶಬ್ದ ಬರುವ ಹಾಗೆ ಎಳೀಬೇಕು, ಕಾಫಿ ಬಾಯೆಲ್ಲಾ ಹರಡಿ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರಬೇಕು. ಕಾಫಿಯ ಹೂವು, ಹಣ್ಣು, ಚಾಕೊಲೇಟ್ ಅಂತ ನಾವು ಹೇಳೋದೆಲ್ಲ ಅಲ್ಲಿ ಗೊತ್ತಾಗೋದು. ನಾಲಗೆ ಹೇಳೋದು ಹುಳಿ, ಸಿಹಿ, ಕಹಿ ಇಷ್ಟೇ. ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿದು ನೋಡಿ, ಗೊತ್ತಾಗುತ್ತೆ.

ಇನ್ನೊಂದು. ಕೆಲವು ಪರೀಕ್ಷೆಗಳಲ್ಲಿ ಕೋಣೆಗೆ ಕೆಂಪು ದೀಪ ಹಾಕ್ತಾರೆ. ಯಾಕೆ? ಹುರಿದ ಬಣ್ಣ ಕಂಡರೆ ನಮ್ಮ ನಾಲಗೆಯೂ ಸುಳ್ಳು ಹೇಳುತ್ತೆ. ಕಪ್ಪಗಿದೆ ಅಂತ ಕಂಡ ತಕ್ಷಣ ಕಹಿ ಅಂತ ಬರೆದುಬಿಡ್ತೀವಿ. ವೈನ್ ವಿಷಯದಲ್ಲಿ ಇದನ್ನ ಫ್ರಾನ್ಸಿನ ಬೋರ್ಡೊದಲ್ಲಿ ತೋರಿಸಿದ್ದಾರೆ, 2001ರಲ್ಲಿ ಪ್ರಕಟವಾಯಿತು. ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್ ಕೊಟ್ಟರು, ಅದಕ್ಕೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿದ್ದರು. ಅವರು ಅದನ್ನ ವಿವರಿಸಿದ್ದು ಕೆಂಪು ವೈನಿಗೆ ಹೇಳುವ ಪದಗಳಿಂದ. ಮೂಗು ಇದ್ದವರೇ ಕಣ್ಣು ಹೇಳಿದ್ದನ್ನ ಬರೆದರು.

ಭಾನುವಾರದ ಭಟ್ಟ, 7:50

ಅಂದರೆ ನಮ್ಮ ತಂಗಿ... ಕ್ಷಮಿಸಿ, ಮಂಡಿ ಅಣ್ಣನ ತಂಗಿಯವರ ಬಿಳಿ ಚಟ್ನಿ ಕಂಡರೆ ನಾವೂ ತಂಪು ಅಂತಲೇ ಅನ್ನುತ್ತಿದ್ದೆವು ಅಂತೀರಾ?

ಕಳಸದ ಕಾಫಿ, 8:02

ಬಾಯಿಗೆ ಹಾಕುವವರೆಗೆ ಅನ್ನುತ್ತಿದ್ದಿರಿ. ಹಾಕಿದ ಮೇಲೆ ತಿದ್ದಿಕೊಳ್ಳುತ್ತಿದ್ದಿರಿ. ಆ್ಯಪ್‌ಗೆ ಆ ಎರಡನೇ ಹೆಜ್ಜೆ ಇಲ್ಲ.

ಗಿರಿನಗರದ ಸೊಸೆ, ಬೆಳಗ್ಗೆ 10:30

ಸುಮ್ನೆ ಓದ್ತಾ ಇದ್ದೆ, ಕಾಫಿ ಅಣ್ಣ ಮೂಗಿನ ಮಾತು ತೆಗೆದ ಮೇಲೆ ಬರೆಯೋಣ ಅನಿಸಿತು. ನಮ್ಮ ಅತ್ತೆಗೆ 2021ರಲ್ಲಿ ಕೋವಿಡ್ ಬಂದು ಹೋದ ಮೇಲೆ ವಾಸನೆ ಪೂರ್ತಿ ಬಂದಿಲ್ಲ. ಉಪ್ಪು, ಹುಳಿ, ಸಿಹಿ ಗೊತ್ತಾಗುತ್ತೆ. ಇಂಗು, ಕರಿಬೇವು, ತುಪ್ಪ ಗೊತ್ತಾಗಲ್ಲ. ಆದರೂ ಸಾರು ಕುದಿಯುವಾಗ ಹತ್ತಿರ ನಿಂತು "ಈಗ ಘಮ್ ಅಂತಿದೆ, ಇಳಿಸು" ಅಂತಾರೆ. ನೊರೆ ಉಕ್ಕಿದ್ದು ನೋಡಿ ಹೇಳ್ತಾರೆ. ಯಾವಾಗಲೂ ಸರಿಯಾಗಿರುತ್ತೆ.

ಅವರು ಹೇಳೋದೂ ನೋಡಿ, ನೆನಪಿನಿಂದ. ನಿಮ್ಮ ಆ್ಯಪ್ ಹೇಳೋದೂ ನೋಡಿ, ಓದಿದ್ದರಿಂದ. ಹಾಗಾದರೆ ಇಬ್ಬರಿಗೂ ಏನು ವ್ಯತ್ಯಾಸ? ಜಗಳಕ್ಕೆ ಕೇಳ್ತಿಲ್ಲ, ನಿಜವಾಗ್ಲೂ ಕೇಳ್ತಿದ್ದೀನಿ.

ತಟ್ಟೆಇಡ್ಲಿ, 10:41

ವ್ಯತ್ಯಾಸ ಇಲ್ಲ ಅಕ್ಕ. ಎರಡೂ ಒಂದೇ. ಮಿದುಳೂ ಒಂದು ಮಾಡೆಲ್ ತಾನೇ.

ಕಳಸದ ಕಾಫಿ, 10:55

ಒಂದೇ ಹೇಗಾಗುತ್ತೆ? ಆ ತಾಯಿಗೆ "ಘಮ್" ಅಂದರೆ ಏನು ಅಂತ ಒಂದು ಕಾಲದಲ್ಲಿ ಮೂಗಿಗೆ ತಾಗಿದೆ. ನಮ್ಮಲ್ಲಿ ಹೊಸಬರು ಬಂದಾಗ ಹುಳಿ ಅನ್ನೋ ಪದ ಓದಿಸಲ್ಲ. ನೀರಿಗೆ ಸಿಟ್ರಿಕ್ ಆಸಿಡ್ ಬೇರೆ ಬೇರೆ ಅಳತೆಯಲ್ಲಿ ಬೆರೆಸಿ ಕುಡಿಸ್ತೀವಿ, ಇದು ಸ್ವಲ್ಪ ಹುಳಿ, ಇದು ಜಾಸ್ತಿ ಅಂತ. ಉಪ್ಪಿಗೂ ಹಾಗೇ. ಎಲ್ಲರೂ ಒಂದೇ ಲೋಟ ಕುಡಿದ ಮೇಲೆ ತಾನೇ ಪದ ಒಂದಾಗೋದು.

ಚೌಕಳಿ, 11:20

ಸೊಸೆ ಅವರ ಪ್ರಶ್ನೆಗೆ ನಾನು ಕೈ ಎತ್ತಿದೆ, ಅದು ನನ್ನ ಕೆಲಸಕ್ಕಿಂತ ದೊಡ್ಡದು. ನಾನು ಹೇಳಬಹುದಾದದ್ದು ಒಂದೇ. ಅತ್ತೆಯವರು ಈ ಮನೆಯ, ಈ ಪಾತ್ರೆಯ, ಈ ಒಲೆಯ ನೊರೆ ನೋಡಿ ವರ್ಷಾನುಗಟ್ಟಲೆ ಮೂಗಿನ ಜೊತೆ ಸರಿಹೊಂದಿಸಿಕೊಂಡಿದ್ದಾರೆ. ನೊರೆ ಮತ್ತು ಘಮ ಅವರಿಗೆ ಒಂದೇ ಕ್ಷಣದಲ್ಲಿ ಒಟ್ಟಿಗೆ ಸಿಕ್ಕಿವೆ. ಮಾಡೆಲ್‌ಗೆ ಫೋಟೊ ಒಬ್ಬರದು, ಬರಹ ಇನ್ನೊಬ್ಬರದು. ಆ ತಟ್ಟೆ ಉಂಡವರು ಆ ತಟ್ಟೆಯ ಬಗ್ಗೆ ಬರೆದದ್ದು ಸಿಗೋದೇ ಅಪರೂಪ.

ಮಾಡೆಲ್‌ಗೆ ಮೂಗು ಕೊಡೋದು ಯಾಕೆ ಕಷ್ಟ ಅಂತ ಯಾರಾದರೂ ಕೇಳ್ತೀರಿ ಅಂತ ಮೊದಲೇ ಹೇಳ್ತೀನಿ. ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶ ಮೂರು ಬಗೆ. ಹಾಗಾಗಿ ಕ್ಯಾಮೆರಾದಲ್ಲಿ ಮೂರು ಬಣ್ಣ ಅಳೆದರೆ ಸಾಕು, ಮಾವಿನ ತೋರಣದಿಂದ ಮೈಸೂರು ಸಿಲ್ಕ್‌ವರೆಗೆ ಹೆಚ್ಚುಕಮ್ಮಿ ಎಲ್ಲ ಬಣ್ಣ ತೋರಿಸಬಹುದು. ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕ ಸುಮಾರು 400 ಬಗೆ. ಮೂರು ಮೂಲ ವಾಸನೆ ಬೆರೆಸಿ ಇಂಗಿನ ವಾಸನೆ ಮಾಡೋಕೆ ಬರಲ್ಲ. ಚಿತ್ರದ ಫೈಲ್ ಇದ್ದ ಹಾಗೆ ವಾಸನೆಯ ಫೈಲ್ ಇಲ್ಲ. ಫೋನಿನಿಂದ ಫೋನಿಗೆ ಕಳಿಸೋಕೂ ಬರಲ್ಲ, ಅಂದಮೇಲೆ 40 ಕೋಟಿ ಸೇರಿಸೋದು ಎಲ್ಲಿಂದ?

ಕಳಸದ ಕಾಫಿ, 11:45

ಯಂತ್ರದ ಮೂಗೇ ಇಲ್ಲ ಅಂತಲ್ಲ. ಕೋಲ್ಕತ್ತದ ಸಿ-ಡ್ಯಾಕ್ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಚಹಾಕ್ಕೆ ಅಂತ ಇ-ನೋಸ್ ಮಾಡಿದ್ದಾರೆ. ಚಹಾದ ಆವಿ ಕೆಲವು ಸಂವೇದಕಗಳ ಮೇಲೆ ಹಾಯುತ್ತೆ. ಆದರೆ ಅದು ಚಹಾಕ್ಕೆ ಕಲಿಸಿದ್ದು, ರುಚಿ ನೋಡುವವರು ಕೊಟ್ಟ ಅಂಕದ ಜೊತೆ ಹೊಂದಿಸಿ. ಅದರ ಮುಂದೆ ಬಸ್ಸಾರು ಇಟ್ಟರೆ ಏನೂ ತಿಳಿಯಲ್ಲ.

ತಟ್ಟೆಇಡ್ಲಿ, 12:10

ಭಟ್ಟರೇ, ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಉಪ್ಪು ಹಾಕಿದ ಸಾರು, ಹಾಕದ ಸಾರು ಪಕ್ಕ ಪಕ್ಕ ಇಟ್ಟು ಕೇಳಿದ್ದೀರಾ? ಕೇಳದೇ ಹೇಗೆ ಹೇಳ್ತೀರಿ?

ಭಾನುವಾರದ ಭಟ್ಟ, ಸೋಮವಾರ ರಾತ್ರಿ 9:30

ಇಡ್ಲಿ ಅವರಿಗೋಸ್ಕರ ಇವತ್ತು ರಾತ್ರಿ ಮತ್ತೆ ಸಾರು ಮಾಡಿದೆ. ಮನೆಯವರು "ಇದೇನು ಊಟಾನಾ ಪರೀಕ್ಷೆನಾ" ಅಂದರು.

ಒಂದು ಲೀಟರ್ ಸಾರು, ಉಪ್ಪಿಲ್ಲದೆ ಕುದಿಸಿದೆ. ಎರಡು ಪಾತ್ರೆಗೆ ಅರ್ಧ ಅರ್ಧ ಸೌಟಿನಿಂದ ಅಳೆದು ಹಾಕಿದೆ. ಒಂದಕ್ಕೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ 5 ಗ್ರಾಂ ಪುಡಿ ಉಪ್ಪು, ಇನ್ನೊಂದಕ್ಕೆ ಏನೂ ಇಲ್ಲ. ಎರಡನ್ನೂ ಅಷ್ಟೇ ಹೊತ್ತು ಕಲಕಿದೆ, ಕಲಕಿದ್ದರಿಂದ ವ್ಯತ್ಯಾಸ ಬರಬಾರದು ಅಂತ. ಒಂದೇ ಥರದ ಬಟ್ಟಲು. ಫೋನ್ ಡಬ್ಬಿಗೆ ಒರಗಿಸಿಟ್ಟೆ, ಅಲ್ಲಾಡದ ಹಾಗೆ.

ಉಪ್ಪಿನದು ಬಲಗಡೆ ಇಟ್ಟು "ಯಾವುದಕ್ಕೆ ಉಪ್ಪು ಹಾಕಿದೆ?" ಅಂತ ಕೇಳಿದೆ. ಬಲಗಡೆ ಅಂತು. ನಿಜ ಹೇಳ್ತೀನಿ, ಎದೆ ಝಲ್ಲೆಂದಿತು. ಇಡ್ಲಿ ಅವರೇ ಗೆದ್ದರು ಅಂದುಕೊಂಡೆ. ಕಾರಣವನ್ನೂ ಕೊಟ್ಟಿತು: "ಬಲಗಡೆಯ ಸಾರಿನ ಬಣ್ಣ ಗಾಢವಾಗಿದೆ, ಮಸಾಲೆ ಚೆನ್ನಾಗಿ ಹೊಂದಿಕೊಂಡಿದೆ."

ಬಟ್ಟಲು ಅದಲು ಬದಲು ಮಾಡಿದೆ. ಹೊಸದಾಗಿ ಶುರು ಮಾಡಿ ಅದೇ ಪ್ರಶ್ನೆ. ಮತ್ತೆ ಬಲಗಡೆಯೇ. ಕಾರಣವೂ ಅದೇ, ಬಣ್ಣ ಗಾಢವಂತೆ.

ಆಮೇಲೆ ಸಪ್ಪೆ ಸಾರನ್ನೇ ಎರಡೂ ಬಟ್ಟಲಿಗೆ ಹಾಕಿಟ್ಟೆ. ಈಗಲೂ ಒಂದನ್ನ ಆರಿಸಿತು, ಕಾರಣ ಸಮೇತ! ಅಲ್ಲಿಗೆ ನನಗೆ ಸಾಕಾಯಿತು.

ಕೊನೆಗೆ ಪ್ರಶ್ನೆ ಬದಲಿಸಿದೆ. "ಈ ಫೋಟೊದಿಂದ ಉಪ್ಪು ಇದೆಯೋ ಇಲ್ಲವೋ ಹೇಳಲು ಸಾಧ್ಯವೇ?" ಅಂತ. ಸಾಧ್ಯವಿಲ್ಲ, ರುಚಿ ನೋಡಬೇಕು ಅಂತು. ಗೊತ್ತಿತ್ತು ಕಳ್ಳನಿಗೆ.

ಚೌಕಳಿ, 9:52

ನೀವು ಮಾಡಿದ ಮೂರನೇದು, ಎರಡೂ ಕಡೆ ಒಂದೇ ಸಾರು, ಅದು ನಮ್ಮಲ್ಲಿ ಎಷ್ಟೋ ಜನ ಮಾಡೋಕೆ ಮರೆಯುವ ಪರೀಕ್ಷೆ. ಬರೀ ಮೊದಲನೇದು ಮಾಡಿ ನಿಲ್ಲಿಸಿದ್ದರೆ "ಉಪ್ಪು ಕಂಡುಹಿಡಿಯುತ್ತೆ" ಅಂತ ಯಾರೋ ವಿಡಿಯೊ ಮಾಡಿರೋರು.

"ಯಾವುದಕ್ಕೆ" ಅಂತ ಕೇಳಿದಾಗ ಒಂದಕ್ಕೆ ಹಾಕಿದೆ ಅಂತ ನೀವೇ ಹೇಳಿಕೊಟ್ಟ ಹಾಗಾಯ್ತು. ಅದು ಒಂದನ್ನ ಆರಿಸಿ, ಆಮೇಲೆ ಕಾರಣ ಕಟ್ಟಿತು. "ಸಾಧ್ಯವೇ" ಅಂತ ಕೇಳಿದಾಗ ಇಲ್ಲ ಅನ್ನೋಕೆ ಬಾಗಿಲು ತೆರೆದಿತ್ತು. ಕಳ್ಳನಿಗೆ ಗೊತ್ತಿತ್ತಾ, ಅಥವಾ ಆ ಪ್ರಶ್ನೆಗೆ ಜನ ಕೊಡುವ ಉತ್ತರ ಅದಕ್ಕೆ ಗೊತ್ತಿತ್ತಾ, ಇದರ ಬಗ್ಗೆ ನಮ್ಮ ಆಫೀಸಿನಲ್ಲೇ ದಿನಾ ವಾದ ನಡೆಯುತ್ತೆ.

ತಟ್ಟೆಇಡ್ಲಿ, 10:05

ಸರಿ, ಉಪ್ಪಿನ ವಿಷಯ ಬಿಟ್ಟೆ. ಆದರೆ ದೋಸೆ? ಅಂಚು ಕೆಂಪಗಾಗಿದ್ದರೆ ಗರಿಗರಿ ಅಂತ ಫೋಟೊದಲ್ಲೇ ಗೊತ್ತಾಗಲ್ವಾ? ಸೀದು ಹೋದರೆ ಕಹಿ ಅಂತ ಗೊತ್ತಾಗಲ್ವಾ?

ಚೌಕಳಿ, 10:14

ಗೊತ್ತಾಗುತ್ತೆ. ಇದರಲ್ಲಿ ನಿಮ್ಮದೇ ಸರಿ. ಕಾವಲಿಯ ಶಾಖಕ್ಕೆ ಆ ಕೆಂಪು ಬಣ್ಣವೂ ಹುರಿದ ಪರಿಮಳವೂ ಒಂದೇ ಕಡೆಯಿಂದ ಹುಟ್ಟುತ್ತವೆ. ಬಣ್ಣ ನೋಡಿ ಪರಿಮಳ ಊಹಿಸಿದರೆ ಬಹುಪಾಲು ಸರಿಯಾಗುತ್ತೆ. ಆದರೆ ಅದೇ ದೋಸೆಯ ಹಿಟ್ಟು ಎಷ್ಟು ಹುಳಿ ಬಂದಿತ್ತು ಅಂತ ಕೇಳಿದರೆ ಮತ್ತೆ ಮೊದಲಿಗೇ ಬಂದೆವು.

ಮೆಣಸಿನಕಾಯಿ ಮಂಡಿ, 10:20

ಭಟ್ಟರೇ, ಆ ಸಪ್ಪೆ ಸಾರು ಏನು ಮಾಡಿದ್ರಿ?

ಭಾನುವಾರದ ಭಟ್ಟ, 10:23

ಉಪ್ಪು ಹಾಕಿ ಕುದಿಸಿ ಉಂಡ್ವಿ ಅಣ್ಣಾ. ಎಲ್ಲ ಸಾರನ್ನೂ ಒಂದೇ ಪಾತ್ರೆಗೆ ಸುರಿದಿದ್ದೆ, ಅರ್ಧದಲ್ಲಿ ಆಗಲೇ 5 ಗ್ರಾಂ ಇದೆ ಅನ್ನೋದು ಮರೆತು ಮತ್ತೆ 10 ಗ್ರಾಂ ಹಾಕಿದೆ. ಫೋಟೊ ತೆಗೆದಿಲ್ಲ.

ಗಿರಿನಗರದ ಸೊಸೆ, 10:40

ಅತ್ತೆಗೆ ಈ ಚರ್ಚೆಯೆಲ್ಲ ಓದಿ ಹೇಳಿದೆ. "ನಂಗೆ ಘಮ ಗೊತ್ತಾಗಲ್ಲ ಅಂತ ಯಾರು ಹೇಳಿದ್ದು?" ಅಂತ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮೊನ್ನೆ ಹಾಲು ಹತ್ತಿದ್ದು ಗೊತ್ತಾಗಲಿಲ್ಲ ನೋಡು" ಅಂದರು. ಪಾತ್ರೆ ತಳ ಮೇಲಿನಿಂದ ಕಾಣಲ್ಲವಲ್ಲ.